ಆಸಿಲೋಸ್ಕೋಪಿಗಾಗಿ ಬರೆದ ಪತ್ರದ ಕೊನೆಯ ಸಾಲು

ಆ ಪತ್ರ ಬರೆದವನು ನಾನು. ನಮ್ಮಿಬ್ಬರಲ್ಲಿ ನನ್ನ ಅಕ್ಷರ ದುಂಡಗಿತ್ತು ಎಂಬುದಷ್ಟೇ ಅದಕ್ಕೆ ಕಾರಣ. ಇನ್ನೊಬ್ಬ ನನ್ನ ಪ್ರಾಜೆಕ್ಟಿನ ಜೊತೆಗಾರ, ಕುಷ್ಟಗಿ ಕಡೆಯವನು. ಕೊಪ್ಪಳದ ಹೊರಗಿದ್ದ ನಮ್ಮ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಂತಿಮ ವರ್ಷಕ್ಕೆ ನಾವು ಕಟ್ಟುತ್ತಿದ್ದದ್ದು, ಮೊಬೈಲಿನಿಂದ ಕರೆ ಮಾಡಿದರೆ ಬೋರ್‌ವೆಲ್ ಪಂಪು ಚಾಲೂ ಆಗುವಂಥ ಒಂದು ಪೆಟ್ಟಿಗೆ. ಅವನ ಮನೆಯವರ ದಾಳಿಂಬೆ ತೋಟಕ್ಕೆ ಅದನ್ನು ಹಾಕಬೇಕೆಂಬುದು ಅವನ ಆಸೆ.

ಪೆಟ್ಟಿಗೆಯಲ್ಲಿ ಒಂದು ದೋಷವಿತ್ತು. ಪಂಪಿಗೆ ಕರೆಂಟು ಕೊಡುವ ದೊಡ್ಡ ಸ್ವಿಚ್ಚಾದ ಕಾಂಟ್ಯಾಕ್ಟರನ್ನು ಆಫ್ ಮಾಡಿದಾಗ, ಒಮ್ಮೊಮ್ಮೆ ಪೆಟ್ಟಿಗೆಯನ್ನು ನಡೆಸುವ ಚಿಪ್ಪು, ಮೈಕ್ರೊಕಂಟ್ರೋಲರ್, ತನ್ನಷ್ಟಕ್ಕೆ ರೀಸೆಟ್ ಆಗುತ್ತಿತ್ತು. ರೀಸೆಟ್ ಆದ ಚಿಪ್ಪಿನ ಪಿನ್ನುಗಳಲ್ಲೆಲ್ಲ ಕ್ಷಣಕಾಲ ವೋಲ್ಟೇಜು ಮೇಲಕ್ಕೇರುತ್ತದೆ. ಆ ಕ್ಷಣದಲ್ಲಿ ಕಾಂಟ್ಯಾಕ್ಟರನ್ನು ಆಡಿಸುವ ಚಿಕ್ಕ ಸ್ವಿಚ್ಚಾದ ರಿಲೇ ಎಳೆದು, ಆಫ್ ಮಾಡಿದ ಕಾಂಟ್ಯಾಕ್ಟರ್ ಯಾರೂ ಮುಟ್ಟದೆ ಟಕ್ ಎನ್ನುತ್ತಿತ್ತು. ಮೇಜಿನ ಮೇಲೆ ಅದು ಬರೀ ಸದ್ದು. ತೋಟದಲ್ಲಿ ಯಾರಾದರೂ ಪಂಪಿನ ತಂತಿ ಬಿಗಿಯುತ್ತಿರುವಾಗ ಆದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಆಡಿರಲಿಲ್ಲ.

ಮಲ್ಟಿಮೀಟರಿನಲ್ಲಿ ಐದು ವೋಲ್ಟು ಅಲುಗದೆ ನಿಂತಿರುತ್ತಿತ್ತು. ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಬಂದು ಹೋಗುವ ಏರಿಳಿತ ಅದಕ್ಕೆ ಕಾಣುವುದಿಲ್ಲ. ವೋಲ್ಟೇಜನ್ನು ಪರದೆಯ ಮೇಲೆ ಗೆರೆಯಾಗಿ ಕಾಣಿಸುವ ಆಸಿಲೋಸ್ಕೋಪುಗಳಲ್ಲಿ, ಲ್ಯಾಬಿನ ಹಳೆಯವು ಅದನ್ನು ತೋರಿಸಿದರೂ ಹಿಡಿದಿಡುವುದಿಲ್ಲ. ಹಿಡಿದಿಡುವಂಥದ್ದು, ಡಿಜಿಟಲ್ ಸ್ಟೋರೇಜಿನದು, ಇದ್ದದ್ದು ಒಂದೇ. ಅದು ಲ್ಯಾಬ್ ಇನ್‌ಚಾರ್ಜ್ ಆಗಿದ್ದ ಉಪನ್ಯಾಸಕರ ಬೀರುವಿನಲ್ಲಿ ಬೀಗದೊಳಗಿತ್ತು. ಲ್ಯಾಬು ಸಂಜೆ ಐದಕ್ಕೆ ಮುಚ್ಚುತ್ತಿತ್ತು, ಹಗಲಿಡೀ ಬೇರೆ ಬ್ಯಾಚುಗಳು ಇರುತ್ತಿದ್ದವು. ಹೀಗಾಗಿ ಪತ್ರ: ವಿಭಾಗದ ಮುಖ್ಯಸ್ಥರ ಮೂಲಕ, ಲ್ಯಾಬನ್ನು ಸಂಜೆ ಏಳರವರೆಗೆ ತೆರೆದಿಡಲು ಮತ್ತು ಆ ಉಪಕರಣ ಒದಗಿಸಲು ಕೋರಿ. ಕೊನೆಗೆ ಒಂದು ಸಾಲು ಸೇರಿಸಿದೆ. ಏನಾದರೂ ಅವಘಡವಾದರೆ ಸಂಪೂರ್ಣ ಜವಾಬ್ದಾರಿ ನಮ್ಮದೇ ಎಂದು. ಹೈಸ್ಕೂಲಿನಲ್ಲಿದ್ದಾಗ ಇಟಗಿಯ ಗುಡಿ ನೋಡಲು ಕರೆದೊಯ್ಯುವ ಮುನ್ನ ಮನೆಯಿಂದ ಬರೆಸಿಕೊಂಡ ಪತ್ರಗಳಲ್ಲಿ ಆ ಸಾಲು ಇರುತ್ತಿತ್ತು. ಇದ್ದರೆ ಪತ್ರಕ್ಕೆ ಘನತೆ ಬರುತ್ತದೆಂದು ನನ್ನ ಎಣಿಕೆ.

ಇನ್‌ಚಾರ್ಜ್ ಸರ್ ಉಳಿದದ್ದನ್ನು ಬೇಗ ಓದಿ ಆ ಸಾಲಿಗೆ ಬಂದು ನಿಂತರು.

"ಇದನ್ನ ಯಾರ್ ಬರದದ್ದು?"

"ನಾನ ರಿ ಸರ್."

"ಪಿಕ್ನಿಕ್ ಹೊಂಟೀರೇನು?" ಪೆನ್ನಿನ ತುದಿಯನ್ನು ಸಾಲಿನ ಮೇಲೆ ಇಟ್ಟರು. "ರಿಸ್ಕ್ ಬರದವ್ರದು ಅಲ್ಲಪಾ. ಯಾರ್ ಮುಟ್ತಾರೋ ಅವ್ರದು." ಸಾಲನ್ನು ಹೊಡೆದುಹಾಕಿದರು. ಆಮೇಲೆ ಆಸಿಲೋಸ್ಕೋಪಿನ ಅಳೆಯುವ ತಂತಿಯಾದ ಪ್ರೋಬಿನ ಬಗ್ಗೆ ಕೇಳಲು ಗೆಳೆಯನತ್ತ ತಿರುಗಿದರು. "ಪ್ರೋಬಿನ ಗ್ರೌಂಡ್ ಕ್ಲಿಪ್ ಎಲ್ಲಿ ಹಾಕಾಂವಾ ನೀ?"

"ಕಾಂಟ್ಯಾಕ್ಟರ್ ಕಾಯಿಲ್ ಮ್ಯಾಲ ರಿ. ಗದ್ದಲ ಅಲ್ಲಿಂದ ಬರಾಕತ್ತೇತಿ ಅನಸ್ತೈತಿ."

"ಬ್ಯಾಡ. ಆ ಕ್ಲಿಪ್ಪು ಒಳಗಿಂದ ಸೀದಾ ಅರ್ಥಿಂಗಿಗೆ ಹೋಗೇತಿ. ಇನ್ನೂರಾಮೂವತ್ತು ವೋಲ್ಟಿನ ಮ್ಯಾಲ ಹಾಕಿದ್ರ ಪಟಾಕಿ. ಐದ್ ವೋಲ್ಟಿನ ಕಡೆ ಅಷ್ಟ. ಅಟೆಂಡರ್ ಎದುರಿಗೆ ಇರಬೇಕು." ಅವೆರಡನ್ನೂ ಷರತ್ತಾಗಿ ಬರೆದು ಸಹಿ ಹಾಕಿದರು.

ಮೊದಲ ಸಂಜೆಗಳು ಏನೂ ಆಗದೆ ಕಳೆದವು. ಐದು ವೋಲ್ಟಿನಲ್ಲಿ ಚೂಪಾದ ಗೆರೆಯೊಂದು ಸಿಕ್ಕಿತು. ಅದು ಎಲ್ಲಿ ಹುಟ್ಟಿತೆಂದು ತಿಳಿಯಲಿಲ್ಲ. ಪರೀಕ್ಷಕರು ಬರುವ ದಿನ ಹತ್ತಿರವಾದಂತೆ ಗೆಳೆಯ ಮಾತು ಕಡಿಮೆ ಮಾಡಿದ. ಒಂದು ಸಂಜೆ ಅಟೆಂಡರ್ ಎದ್ದು ನಿಂತು, "ಚಾ ಕುಡದ್ ಬರ್ತೀನಿ. ಕಾಲೇಜ್ ಸುಟ್ಟೀರಿ, ನನ್ನ ಪೆನ್ಶನ್ ಐತಿ" ಎಂದು ಹೊರಟರು. ಅವರ ಚಪ್ಪಲಿಯ ಸದ್ದು ಮೆಟ್ಟಿಲಿಳಿಯುವವರೆಗೆ ಕಾದು, ಗೆಳೆಯ ಜೇಬಿನಿಂದ ಒಂದು ಕನ್ವರ್ಟರ್ ತೆಗೆದ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸುವ, ಅಂಗಡಿಗಳಲ್ಲಿ ತೂಗುಹಾಕಿರುವಂಥದ್ದು. ಅರ್ಥಿಂಗಿನ ಪಿನ್ನಿಗೆ ಅದರಲ್ಲಿ ದಾರಿಯಿಲ್ಲ. ಆಗ ಕ್ಲಿಪ್ಪಿಗೆ ಬಂದ ಕರೆಂಟು ನೆಲಕ್ಕೆ ಹೋಗದೆ ಆಸಿಲೋಸ್ಕೋಪಿನ ಲೋಹದ ಭಾಗಗಳಲ್ಲೇ ನಿಲ್ಲುತ್ತದೆ.

"ಸರ್ ಬ್ಯಾಡಂದಾರ," ಎಂದೆ.

"ಅರ್ಥಿಂಗ್ ಇದ್ರ ಪಟಾಕಿ ಅಂದಾರ. ಈಗ ಅರ್ಥಿಂಗ್ ಎಲ್ಲೈತಿ? ಕ್ಲಿಪ್ಪೂ ನ್ಯೂಟ್ರಲ್ ಮ್ಯಾಲ ಹಾಕ್ತೀನಿ ದೋಸ್ತ. ನ್ಯೂಟ್ರಲ್ ಯಾರಿಗೆ ಹೊಡದೈತಿ?"

ಅವನು ಆಸಿಲೋಸ್ಕೋಪನ್ನು ಕನ್ವರ್ಟರಿಗೆ ಸಿಕ್ಕಿಸಿದ, ಕಾಂಟ್ಯಾಕ್ಟರಿನ ಪ್ಲಗ್ ಕಿತ್ತು ಕಾಯಿಲಿಗೆ ಕ್ಲಿಪ್ ಕಚ್ಚಿಸಿದ, ಪ್ಲಗ್ಗನ್ನು ಮತ್ತೆ ಹಾಕಿದ. ಅದು ಎರಡು ಪಿನ್ನಿನ ಪ್ಲಗ್ಗು. ಹೇಗೆ ತಿರುಗಿಸಿ ಹಾಕಿದರೂ ಒಳಗೆ ಹೋಗುತ್ತದೆ. ಸ್ವಿಚ್ಚಿನತ್ತ ಕೈ ಚಾಚಿದಾಗ ಕರೆಂಟು ಹೋಯಿತು.

ನಮ್ಮ ಕಡೆ ಅದು ವಿಶೇಷವಲ್ಲ. ಅವನು ಸ್ವಿಚ್ಚುಗಳನ್ನೆಲ್ಲ ಹಾಕಿಟ್ಟ, ಬಂದಕೂಡಲೇ ಗೆರೆ ಸಿಗಲೆಂದು. ಫ್ಯಾನು ನಿಧಾನವಾಗಿ ನಿಂತಿತು. ಕಿಟಕಿಯ ಹೊರಗಿನ ಬೆಳಕು ಬೂದಿಯ ಬಣ್ಣಕ್ಕೆ ತಿರುಗಿತ್ತು. ಮೇಜಿನ ಮೇಲೆ ಎಲ್ಲವೂ ಜೋಡಿಸಿಕೊಂಡು ಕರೆಂಟಿಗಾಗಿ ಕಾಯುತ್ತಿತ್ತು, ನಾವೂ ಕಾಯುತ್ತಿದ್ದೆವು. ಆ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಬಂದವರು ಅಟೆಂಡರ್ ಅಲ್ಲ, ಇನ್‌ಚಾರ್ಜ್ ಸರ್.

"ಕತ್ತಲದಾಗ ಏನ್ ನೋಡ್ತೀರಿ? ಇವತ್ತಿಗೆ ಸಾಕು. ಬೀರುದಾಗ ಇಡ್ತೀನಿ," ಎನ್ನುತ್ತಾ ಅವರು ಮೇಜಿನ ಬಳಿಗೆ ಬಂದರು. ಪ್ರೋಬನ್ನು ಬಿಡಿಸಲು ಆಸಿಲೋಸ್ಕೋಪಿನ ಮುಂದಿನ ಲೋಹದ ಸಾಕೆಟ್ಟಿಗೆ ಬಲಗೈ ಚಾಚಿದರು. ಎಡಗೈ ಅರ್ಥಿಂಗ್ ಮಾಡಿದ್ದ ಬೆಂಚಿನ ಕಬ್ಬಿಣದ ಪಟ್ಟಿಯ ಮೇಲಿತ್ತು.

"ಸರ್, ಮುಟ್ಟಬ್ಯಾಡ್ರಿ," ಎಂದೆ.

ಕೈ ನಿಂತಿತು. ಗೆಳೆಯ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕರೆಂಟು ಬಂತು. ಯಾರೂ ಗುಂಡಿ ಒತ್ತದೆ ಕಾಂಟ್ಯಾಕ್ಟರ್ ಟಕ್ ಎಂದಿತು. ಟ್ಯೂಬ್‌ಲೈಟುಗಳು ಮಿಣುಕಿ ಹೊತ್ತಿಕೊಂಡವು. ಸರ್ ತಮ್ಮ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು, ಗೋಡೆಯ ಕನ್ವರ್ಟರನ್ನು ನೋಡಿದರು.

"ನ್ಯೂಟ್ರಲ್ ಮ್ಯಾಲ ಐತ್ರಿ ಸರ್," ಎಂದ ಗೆಳೆಯ.

ಅವರು ಜೇಬಿನಿಂದ ಟೆಸ್ಟರ್ ತೆಗೆದು ಆ ಲೋಹದ ಸಾಕೆಟ್ಟಿಗೆ ತಾಗಿಸಿದರು. ಒಳಗಿನ ಪುಟ್ಟ ದೀಪ ಕೆಂಪಗೆ ಹೊತ್ತಿಕೊಂಡಿತು. ಕಾಂಟ್ಯಾಕ್ಟರಿನ ಪ್ಲಗ್ಗು ತಿರುವುಮುರುವಾಗಿ ಕೂತು, ಕ್ಲಿಪ್ಪು ಕಚ್ಚಿದ್ದ ತುದಿಗೆ ನ್ಯೂಟ್ರಲ್ ಬದಲು ಫೇಸ್ ಬಂದಿತ್ತು. ಪರದೆಯ ಮೇಲೆ ಹಸಿರು ಅಲೆ ಸ್ವಚ್ಛವಾಗಿ ಓಡುತ್ತಿತ್ತು. ಏನೂ ಸುಟ್ಟಿರಲಿಲ್ಲ, ಏನೂ ಸಿಡಿದಿರಲಿಲ್ಲ. ಅವರು ಟೆಸ್ಟರನ್ನು ತೆಗೆಯಲಿಲ್ಲ. ಗೆಳೆಯ ಆ ದೀಪವನ್ನು ನೋಡುತ್ತಾ ನಿಂತ.

ಮೇನ್ ಆಫ್ ಮಾಡಿ ಎಲ್ಲವನ್ನೂ ಬಿಡಿಸಿದ ಮೇಲೆ ಅವರು ನಮ್ಮ ಪತ್ರ ತರಿಸಿ, ತಮ್ಮ ಸಹಿಯ ಕೆಳಗೆ 'ರದ್ದು' ಎಂದು ಬರೆದರು. "ನಾಳೆ ಹತ್ತಕ್ಕ ಬರ್ರಿ. ನಾ ಬಾಜೂಕ ಕೂಡತೀನಿ. ಐದ್ ವೋಲ್ಟಿನ ಗೆರಿ ಇಟಗೊಂಡು, ಗದ್ದಲ ಹೀರಾಕ ಕಾಯಿಲಿಗೆ ರೆಸಿಸ್ಟರೂ ಕೆಪಾಸಿಟರೂ ಅಡ್ಡ ಕಟ್ಟಿ ನೋಡೂಣು. ಗೆರಿ ಇಳೀತಂದ್ರ ಎಲ್ಲಿಂದ ಬರ್ತಿತ್ತು ಅಂತ ಗೊತ್ತಾತಲ್ಲ." ಮರುದಿನ ಗೆರೆ ಇಳಿಯಿತು. ಟಕ್ ಎನ್ನುವುದೂ ನಿಂತಿತು.

ಆದರೆ ಆ ಸಂಜೆ ಹೊರಡುವ ಮುನ್ನ ಅವರು ಪತ್ರವನ್ನು ಗೆಳೆಯನ ಮುಂದೆ ಸರಿಸಿ ಪೆನ್ನು ಕೊಟ್ಟಿದ್ದರು.

"ನಾ ಹೊಡದ್ ಹಾಕಿದ ಸಾಲು ಐತಲ್ಲ, ಅದರ ಕೆಳಗ ಬರಿ. ರಿಸ್ಕ್ ಯಾರ್ದಿತ್ತು ಇವತ್ತು?"

ಅವರ ದನಿ ಏರಿರಲಿಲ್ಲ. ಗೆಳೆಯ ಪೆನ್ನು ಹಿಡಿದು ಕಾಗದದ ಮೇಲೆ ಬಾಗಿದ. ಸರ್ ಅವರ ಬಲಗೈ ಕಾಗದ ಜಾರದಂತೆ ಅದರ ಅಂಚನ್ನು ಒತ್ತಿ ಹಿಡಿದಿತ್ತು. ಅವನು ಆ ಕೈಯನ್ನೇ ನೋಡುತ್ತಿದ್ದ. ಅಟೆಂಡರ್ ಚಹಾ ಮುಗಿಸಿ ಮರಳಿ ಬಂದು ಬಾಗಿಲಲ್ಲಿ ನಿಂತು, "ಏನಾತ್ರಿ?" ಎಂದು ಕೇಳಿದಾಗಲೂ ಅವನು ಒಂದಕ್ಷರ ಬರೆದಿರಲಿಲ್ಲ.