ಹೇರಂಬ ಭಟ್ಟರ ಮೈಚರ್ಮ

ಸಾಗರದ ಸುತ್ತಮುತ್ತ ಮದುವೆ, ಉಪನಯನದ ಅಡುಗೆ ಎಂದರೆ ಹೇರಂಬ ಭಟ್ಟರೇ. ನೂರಿಪ್ಪತ್ತು ಕೆ.ಜಿ. ತೂಕ. ಬರಿಮೈಯಲ್ಲಿ ಒಲೆ ಮುಂದೆ ನಿಂತು ಸಾರು ಕುದಿಸುತ್ತಿದ್ದರು. ಹೊಟ್ಟೆ ನೋಡಿ ಯಾರಾದರೂ ನಕ್ಕರೆ, "ಅಡುಗೆಯವನ ಹೊಟ್ಟೆ ಒಣಗಿದ್ರೆ ಊಟ ಯಾರು ನಂಬ್ತ?" ಎಂದು ತಾವೂ ನಗುವರು.

ನಲವತ್ತಾರನೇ ವಯಸ್ಸಿನಲ್ಲಿ ಶುಗರ್ ಬಂತು, ಮಂಡಿ ಸೋತಿತು. ಅನ್ನ ಕಮ್ಮಿ ಮಾಡಿದರು, ಸಿಹಿ ಬಿಟ್ಟರು, ನಡೆದರು. ಎರಡು ವರ್ಷದಲ್ಲಿ ಐವತ್ತು ಕೆ.ಜಿ. ಇಳಿಯಿತು. ತೆಳ್ಳಗಾದರೆ ಹರೆಯದ ಮೈ ವಾಪಸ್ ಬರುತ್ತದೆ ಎಂದುಕೊಂಡಿದ್ದರು. ಬಂದದ್ದು ಜೋತುಬಿದ್ದ ಚರ್ಮ. ಹೊಟ್ಟೆಯದು ಪಂಚೆಯ ಮೇಲೆ ಮಡಚಿ ಬೀಳುತ್ತಿತ್ತು, ತೋಳಿನದು ಸೌಟು ಎತ್ತಿದಾಗ ಅಲುಗುತ್ತಿತ್ತು.

ಒಂದು ಮದುವೆಮನೆಯಲ್ಲಿ ಬಡಿಸುವಾಗ ಪಂಕ್ತಿಯಲ್ಲಿದ್ದ ಸುಬ್ಬಪ್ಪ ಹೆಗಡೆ ಮೆಲ್ಲಗೆ ಕೇಳಿದರು: "ಎಂತಾತು ಭಟ್ರೆ? ದೊಡ್ಡ ಕಾಯಿಲೆಯ?"

ಆ ಮಾತು ಅವರನ್ನು ಬಿಡಲಿಲ್ಲ. ಟಿ.ವಿ. ಜಾಹೀರಾತಿನ ಎಣ್ಣೆ ತರಿಸಿ ದಿನವೂ ತಿಕ್ಕಿದರು. ಹೊಟ್ಟೆಗೆ ಬಿಗಿಯಾದ ಬೆಲ್ಟ್ ಕಟ್ಟಿ ಒಲೆ ಮುಂದೆ ನಿಂತರು. ಚರ್ಮ ಬಿಗಿಯಾಗಲಿಲ್ಲ. ಬೆವರು ನಿಂತು ಚರ್ಮದ ಮಡಿಕೆಯೊಳಗೆ ಕೆಂಪಗೆ ಹುಣ್ಣಾಯಿತು, ವಾಸನೆ ಬಂತು. ಹೆಂಡತಿ ಶ್ರೀಗೌರಿ ಹಟ ಹಿಡಿದು ಚರ್ಮದ ಡಾಕ್ಟರ್ ದೀಪ್ತಿಯವರ ಹತ್ತಿರ ಕರೆದೊಯ್ದಳು.

ಡಾಕ್ಟರು ಹುಣ್ಣಿಗೆ ಮುಲಾಮು ಬರೆದು, ಬೆಲ್ಟ್ ಬಿಡಿ, ಮಡಿಕೆ ಒಣಗಿಸಿ ಇಟ್ಟುಕೊಳ್ಳಿ ಎಂದರು.

"ಎಣ್ಣೆ ಬದಲಾಯಿಸಿದ್ರೆ ಬಿಗಿಯಾಗ್ತದಾ?"

"ಇಲ್ಲ ಭಟ್ಟರೇ. ಇಪ್ಪತ್ತು ವರ್ಷ ಹಿಗ್ಗಿದ ಚರ್ಮದ ಎಳೆಗಳು ಒಳಗೇ ಹರಿದಿರ್ತವೆ. ಅದನ್ನ ಎಣ್ಣೆ, ಕ್ರೀಮು ಹೊಲಿಯೋದಿಲ್ಲ. ಸ್ವಲ್ಪ ಭಾರ ಎತ್ತೋ ವ್ಯಾಯಾಮ ಮಾಡಿ, ಬೇಳೆ-ಮಜ್ಜಿಗೆ ಸರಿಯಾಗಿ ತಗೊಳ್ಳಿ. ಸ್ನಾಯು ಬೆಳೆದ್ರೆ ತೋಳು ಒಂಚೂರು ತುಂಬಿದ ಹಾಗೆ ಕಾಣ್ತದೆ. ಬೀಡಿ ಸೇದ್ತೀರಾ?"

ಭಟ್ಟರು ತಲೆ ತಗ್ಗಿಸಿದರು.

"ಬಿಡಿ. ಅದು ಚರ್ಮವನ್ನ ಇನ್ನೂ ಸಡಿಲ ಮಾಡ್ತದೆ, ಗಾಯನೂ ಬೇಗ ಮಾಯೋದಿಲ್ಲ."

"ಹೊಟ್ಟೆ ಮೇಲಿನ ಈ ಬಿಳಿ ಗೆರೆಗಳು?"

"ಚರ್ಮ ಹಿಗ್ಗಿದಾಗ ಬಿದ್ದ ಗೆರೆ ಅವು. ಕೆಂಪಗಿದ್ದದ್ದು ಮಾಸಿ ಬಿಳಿಯಾಗಿದೆ. ಪೂರ್ತಿ ಹೋಗೋದಿಲ್ಲ."

ಉಳಿದದ್ದು ಜೋತ ಚರ್ಮವನ್ನು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆ ಎಂದರು ಡಾಕ್ಟರು. ತೂಕ ತಿಂಗಳುಗಟ್ಟಲೆ ಒಂದೇ ಸಮ ನಿಲ್ಲಬೇಕು, ಶುಗರ್ ಹತೋಟಿಯಲ್ಲಿರಬೇಕು. ಸೊಂಟದ ಈ ಬದಿಯಿಂದ ಆ ಬದಿಗೆ ಗಾಯದ ಗುರುತು ಉಳಿಯುತ್ತದೆ. ವಾರಗಟ್ಟಲೆ ಭಾರ ಎತ್ತುವಂತಿಲ್ಲ. ಹಂಡೆ ಎತ್ತದ ಅಡುಗೆಯವನನ್ನು ಯಾರು ಕರೆದಾರು ಎಂದು ಭಟ್ಟರು ಅದನ್ನು ಅಲ್ಲಿಗೇ ಬಿಟ್ಟರು.

ಬಸ್ಸಿನಲ್ಲಿ ಅವರೆಂದರು: "ದಪ್ಪ ಇದ್ದಾಗ್ಲೇ ಚೊಲೊ ಇತ್ತು, ಗೌರಿ."

ಅವಳ ಕಣ್ಣು ತುಂಬಿತು. "ಶುಗರ್ ಇಳದ್ದು, ಮಂಡಿನೋವು ಇಲ್ಲೆ. ಅದು ಲೆಕ್ಕಕ್ಕೇ ಇಲ್ಯ?"



ಹುಣ್ಣು ಮಾಯಿತು. ಬೀಡಿ ಬಿಟ್ಟರು. ಬೆಳಿಗ್ಗೆ ನೀರು ತುಂಬಿದ ಕ್ಯಾನುಗಳನ್ನು ಎತ್ತಿ ಇಳಿಸುತ್ತಾರೆ. ತೋಳು ತುಸು ಗಟ್ಟಿಯಾಗಿದೆ, ಹೊಟ್ಟೆ ಹಾಗೇ ಇದೆ. ಅಡುಗೆಗೆ ಈಗಲೂ ಹೋಗುತ್ತಾರೆ. ಆದರೆ ಪಂಕ್ತಿಗೆ ಬಡಿಸಲು ಬೇರೆಯವರನ್ನು ಕಳಿಸಿ, ತಾವು ಹೊಗೆಯ ಮರೆಯಲ್ಲಿ ಒಲೆಯ ಹತ್ತಿರವೇ ನಿಲ್ಲುತ್ತಾರೆ.