ಸೂಗಪ್ಪನ ಸೈನ್ ಔಟ್

ಬೇಗಂ ಬಜಾರಿನಲ್ಲಿ ನನ್ನದೊಂದು ಸೈಬರ್ ಕೆಫೆ. ಎದುರಿನ ಕಿರಾಣಿ ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುವ ಸೂಗಪ್ಪ ನಮ್ಮ ಯಾದಗಿರಿ ಕಡೆಯವನು. ಒಳ್ಳೆಯ ಮನುಷ್ಯ, ಆದರೆ ನನ್ನ ತಲೆ ತಿನ್ನಲೆಂದೇ ಹುಟ್ಟಿದವನು. ಬೇಗಂಪೇಟೆಯ ಒಂದು ಆಫೀಸಿಗೆ ಗುಟ್ಟಾಗಿ ಅರ್ಜಿ ಹಾಕಿದ್ದ. ಅಂಗಡಿಯ ಸಾಹುಕಾರ ಕಲ್ಲೇಶಪ್ಪನವರಿಗೆ ತಿಳಿದರೆ ಇದ್ದ ಕೆಲಸಕ್ಕೂ ಕುತ್ತು ಎಂದು ಹೆದರಿ, ಮೇಲ್ ನೋಡಲು ನನ್ನಲ್ಲಿಗೆ ಬರುತ್ತಿದ್ದ.

“ಸೈನ್ ಔಟ್ ಮಾಡಿದ್ರೇನ್ರಿ ಅಣ್ಣಾರ?” ಎಂದು ಪ್ರತಿ ಸಲ ಕೇಳುತ್ತಿದ್ದೆ.

“ಮಾಡೀನ್ರಿ ಅಕ್ಕಾರ.”

ಮೊನ್ನೆ ಅವನು ಎದ್ದ ಮೇಲೆ ನಾನೇ ಬ್ರೌಸರ್ ತೆರೆದೆ. ಅವನ ಮೇಲ್‌ಗಳೆಲ್ಲ ಕಣ್ಣೆದುರು! ಬಾಗಿಲಲ್ಲಿದ್ದವನನ್ನು ಕೂಗಿ ಕರೆದರೆ, ಕೆಫೆಗೆ ಬಂದವರು ಹೆಸರು ಬರೆಯುವ ರಿಜಿಸ್ಟರ್ ತೋರಿಸಿದ. ‘ಔಟ್’ ಎಂಬ ಕಡೆ ಸಹಿ ಹಾಕಿದ್ದ.

“ಇಲ್ಲೇ ಸೈನ್ ಮಾಡೀನಲ್ರಿ!”

ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಇಷ್ಟು ದಿನ ಇದೇ ಕಥೆ! ಅಷ್ಟರಲ್ಲಿ ಕಲ್ಲೇಶಪ್ಪನವರೇ ಪ್ರಿಂಟ್ ತೆಗೆಸಲು ಮೆಟ್ಟಿಲು ಹತ್ತುತ್ತಿರುವುದು ಕಂಡಿತು. ಖಾಲಿ ಇದ್ದದ್ದು ಅದೊಂದೇ ಕಂಪ್ಯೂಟರ್. ಗಡಬಡಿಸಿ ಸೈನ್ ಔಟ್ ಮಾಡಿದೆ. ಆದರೂ ಸೂಗಪ್ಪನ ಹೆಸರು ಅಲ್ಲೇ ಉಳಿದಿತ್ತು. ಒತ್ತಿದರೆ ಪಾಸ್‌ವರ್ಡ್ ಕೂಡ ತಾನಾಗಿಯೇ ಬಂದು ಕೂತಿತು. ಎಂದೋ ‘ಸೇವ್ ಮಾಡಲೇ’ ಎಂದು ಕೇಳಿದ್ದಕ್ಕೆ ಹೂಂ ಅಂದಿದ್ದಾನೆ, ಪುಣ್ಯಾತ್ಮ! ಹೆಸರು ತೆಗೆದು, ಹಿಸ್ಟರಿ, ಕುಕೀಸ್, ಸೇವ್ ಆದ ಪಾಸ್‌ವರ್ಡ್ ಎಲ್ಲ ಅಳಿಸಿದೆ. ಕಲ್ಲೇಶಪ್ಪನವರು ಕೂತು ತಮ್ಮ ಕೆಲಸ ಮುಗಿಸಿಕೊಂಡು ಹೋದರು. ನನಗೆ ಹೋದ ಜೀವ ಬಂದಂತಾಯಿತು.

ಮರುದಿನ ಸೂಗಪ್ಪ ಬೆವರುತ್ತ ಓಡಿಬಂದ.

“ಅಕ್ಕಾರ, ನಾಳೆ ಇಂಟರ್‌ವ್ಯೂ ಅಂತ ಆಫೀಸಿನವರು ಫೋನ್ ಮಾಡಿದ್ರು. ಎಲ್ಲಿ, ಎಷ್ಟು ಗಂಟೆಕ್ಕ ಅನ್ನೋದೆಲ್ಲ ಮೇಲ್‌ದಾಗ ಐತಂತ.”

“ಪಾಸ್‌ವರ್ಡ್ ಹಾಕ್ರಿ.”

“ನನಗೇನ್ ಗೊತ್ತರಿ? ಅದು ತಾನ ಬರ್ತಿತ್ತಲ್ಲ!”

ನನಗೆ ಮೈಯೆಲ್ಲ ಉರಿಯಿತು. ಅವನ ಗುಟ್ಟು ಕಾಯಲು ಹೋಗಿ ಅವನಿಗೇ ಬಾಗಿಲು ಹಾಕಿದ್ದೆ. ‘ಪಾಸ್‌ವರ್ಡ್ ಮರೆತಿರಾ’ ಎಂಬುದನ್ನು ಒತ್ತಿದೆ. ಖಾತೆಯಲ್ಲಿರುವ ಫೋನಿಗೆ ಕೋಡ್ ಕಳಿಸುವುದಾಗಿ ಬಂತು. ನಂಬರಿನ ಕೊನೆಯ ಅಂಕಿಗಳನ್ನು ನೋಡಿ ಸೂಗಪ್ಪ ಕುರ್ಚಿಯಲ್ಲಿ ಕುಸಿದ. ಖಾತೆ ತೆರೆಯುವಾಗ ಸ್ವಂತ ಫೋನಿರಲಿಲ್ಲವೆಂದು ಅಂಗಡಿಯ ನಂಬರ್ ಕೊಟ್ಟಿದ್ದನಂತೆ. ಆ ಫೋನ್ ಸದಾ ಕಲ್ಲೇಶಪ್ಪನವರ ಜೇಬಿನಲ್ಲಿ!

“ಬ್ಯಾರೆ ದಾರಿ ಇಲ್ಲೇನ್ರಿ?”

“ಇದ್ದಿದ್ರ ನಿಮ್ಮ ಮಾರಿ ನೋಡ್ಕೋತ ಕೂಡ್ತಿದ್ನೇನು? ಕೇಳ್ರಿ ಹೋಗ್ರಿ!” ಎಂದು ರೇಗಿದೆ.

ಆತ ‘ಕೋಡ್ ಕಳಿಸಿ’ ಎಂಬುದನ್ನು ತಾನೇ ಒತ್ತಿದ. ಆಮೇಲೆ ತನ್ನ ಫೋನ್ ತೆಗೆದು ಕಿವಿಗಿಟ್ಟ.

“ಸಾವ್ಕಾರ್ರ, ನಿಮ್ಮ ಫೋನಿಗೆ ಒಂದು ಕೋಡ್ ಬಂದೈತಿ, ಹೇಳ್ರಿ... ಇಲ್ಲರಿ, ಅಂಗಡೀದಲ್ಲ. ನಂದು. ನಾ ಬ್ಯಾರೆ ಕೆಲಸ ನೋಡಾಕತ್ತೀನ್ರಿ.”

ನಾನು ಟೈಪ್ ಮಾಡಲೆಂದು ಸ್ಪೀಕರ್ ಒತ್ತಿ ಫೋನನ್ನು ನನ್ನ ಮುಂದೆ ಹಿಡಿದ. ಸಾಹುಕಾರರು ಕರೆ ಕಟ್ ಮಾಡಿದರೇನೋ ಎಂದುಕೊಂಡೆ. ಆಮೇಲೆ ಕಲ್ಲೇಶಪ್ಪನವರು ಒಂದೊಂದೇ ಅಂಕಿ ಹೇಳತೊಡಗಿದರು.