ನಾನೂರು ಜನರ ಮಜ್ಜಿಗೆ, ಒಂದು ಬೊಗಸೆ ನೀರು

ನಮ್ಮ ದೇವನಹಳ್ಳಿ ಸೀಮೆಯಲ್ಲಿ ಮದುವೆ ಗೊತ್ತಾದರೆ ಜನ ಈಗಲೂ ವಸಂತ್‌ನ ಹತ್ತಿರ ಹೋಗುತ್ತಾರೆ. ಏರ್‌ಪೋರ್ಟ್ ರಸ್ತೆಯ ದೊಡ್ಡ ಹೋಟೆಲೊಂದರಲ್ಲಿ ಪಾರ್ಟಿಗಳ ಉಸ್ತುವಾರಿ ಅವನದು. ಕುಡಿಯುವುದಕ್ಕೆ ಏನು, ಎಷ್ಟು, ಐಸ್ ಎಷ್ಟು ಅನ್ನುವುದನ್ನು ಪುಕ್ಕಟೆ ಹೇಳಿಕೊಡುತ್ತಾನೆ. ಹೇಳುವ ಮುಂಚೆ ಒಂದು ಪ್ರಶ್ನೆ ಕೇಳುತ್ತಾನೆ: "ತಮಟೆಯೋರು ಎಷ್ಟು ಜನ? ಚಪ್ಪರದೋರು, ಪಾತ್ರೆ ತೊಳೆಯೋರು?"

"ಅವ್ರದ್ದೇನು ಬಿಡು ಗುರು, ಉಳಿದಿದ್ದು ಕೊಟ್ರಾಯ್ತು" ಎಂದವರಿಗೆ ಅವನು ಲೆಕ್ಕ ಹೇಳುವುದಿಲ್ಲ. ಎದ್ದು ಒಳಗೆ ಹೋಗುತ್ತಾನೆ. ಜನ ಇದನ್ನು ಹೋಟೆಲ್ ಕೆಲಸದ ಕೊಬ್ಬು ಅಂದುಕೊಂಡಿದ್ದಾರೆ. ಕೊಬ್ಬಲ್ಲ, ನಾಚಿಕೆ. ಅದು ಅವನ ತಂಗಿಯ ಮದುವೆಯ ದಿನ ಅಂಟಿಕೊಂಡದ್ದು.

ವಸಂತ್‌ನ ಅಪ್ಪ ಅಪ್ಪಯ್ಯಣ್ಣನವರಿಗೆ ಮಗಳು ಸಿಂಚನಳ ಮದುವೆಯನ್ನು ಛತ್ರದಲ್ಲಿ ಮಾಡಲು ಮನಸ್ಸಿರಲಿಲ್ಲ. ಹೊಸ ಮನೆ ಎದ್ದು ನಿಂತಿತ್ತು, ಅದನ್ನು ನಾಲ್ಕು ಜನ ನೋಡಬೇಕಿತ್ತು. ಮನೆ ಮುಂದೆಯೇ ಚಪ್ಪರ ಎಂದರು. ಅದಕ್ಕಿಂತ ದೊಡ್ಡ ಚಿಂತೆ ಒಂದಿತ್ತು. ನಿಶ್ಚಿತಾರ್ಥದ ದಿನ ಪಾನಕ ಅರ್ಧಕ್ಕೇ ಮುಗಿದುಹೋಗಿ, ಸಮೇತನಹಳ್ಳಿಯ ಬೀಗರ ಕಡೆಯ ಹಿರಿಯ ಬೈಲಪ್ಪ ಖಾಲಿ ಲೋಟ ಮಗುಚಿ ಇಟ್ಟು, "ಏರ್‌ಪೋರ್ಟಿಗೆ ಜಮೀನು ಕೊಟ್ಟೋರ ಮನೇಲಿ ನೀರಿಗೂ ಬರ ಬಂದೈತಲ್ಲಪ್ಪಾ!" ಎಂದು ನಕ್ಕಿದ್ದ. ಎಲ್ಲರೂ ನಕ್ಕಿದ್ದರು. ಅಪ್ಪಯ್ಯಣ್ಣನವರೂ ನಕ್ಕು, ರಾತ್ರಿಯ ಊಟ ಬಿಟ್ಟಿದ್ದರು.

"ಲೋ ವಸಂತ, ಕುಡಿಯೋದರ ಜವಾಬ್ದಾರಿ ನಿಂದು. ಮದ್ವೇಲಿ ಆ ಬೈಲಪ್ಪ ಬಾಯಿ ಬಿಡಬಾರದು. ಬಿಟ್ಟನೋ, ನನ್ ಮಗಳು ಆ ಮನೇಲಿ ಜೀವಮಾನವೆಲ್ಲಾ ಇದೇ ಮಾತು ಕೇಳ್ಬೇಕು."

ವಸಂತ್ ಅಂದು ಕೂತು ಹಾಕಿದ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ನಾನೂರು ಜನ, ಬೇಸಿಗೆ, ಮೂರು ಗಂಟೆ. ಬಿಸಿಲಿನಲ್ಲಿ ಬಂದವರು ಮೊದಲ ಗಂಟೆಯಲ್ಲಿ ಎರಡು ಲೋಟ ಕುಡಿಯುತ್ತಾರೆ, ಆಮೇಲೆ ಗಂಟೆಗೊಂದು. ತಲೆಗೆ ನಾಲ್ಕು ಸಣ್ಣ ಲೋಟ, ಅಂದರೆ ಅರ್ಧ ಲೀಟರಿಗೂ ಒಂದಿಷ್ಟು ಜಾಸ್ತಿ. ಒಟ್ಟು ಇನ್ನೂರ ನಲವತ್ತು ಲೀಟರ್.

"ಅರ್ಧ ಮಜ್ಜಿಗೆ ಇರ್ಲಪ್ಪಾ. ನಮ್ಮೋರು ಎರಡನೇ ಸಲಕ್ಕೆ ಅದನ್ನೇ ಕೇಳೋದು. ಉಳಿದಿದ್ರಲ್ಲಿ ನಿಂಬೆ ಶರಬತ್ತು ಒಂದು, ಬೆಲ್ಲದ ಪಾನಕ ಒಂದು. ಮೂರಕ್ಕಿಂತ ಜಾಸ್ತಿ ಬಗೆ ಮಾಡಿದ್ರೆ ಒಂದು ಮುಗಿದು ಒಂದು ಉಳಿಯುತ್ತೆ. ಮಕ್ಕಳಿಗೆ ಬಾಟ್ಲಿ ಕೂಲ್‌ಡ್ರಿಂಕ್ಸು. ನೀರಿನ ಕ್ಯಾನು ಬೇರೆ."

"ಐಸು?"

"ಅದರಲ್ಲಿ ಎರಡು ಥರ. ಲೋಟಕ್ಕೆ ಹಾಕೋದು ಪ್ಯಾಕೆಟ್ ಕ್ಯೂಬು, ಫಿಲ್ಟರ್ ನೀರಿಂದು. ತಲೆಗೆ ಅರ್ಧ ಕೆ.ಜಿ. ಬಾಟ್ಲಿ ತಣ್ಣಗೆ ಮಾಡೋಕೆ ದೊಡ್ಡ ಗಡ್ಡೆ, ಅದೂ ಅಷ್ಟೇ. ಗಡ್ಡೆ ಐಸು ಮೀನಿಗೆ ಹಾಕೋದಪ್ಪಾ. ಮರದ ಹೊಟ್ಟಲ್ಲಿ, ಗೋಣೀಲಿ ಸುತ್ತಿ ತರ್ತಾರೆ. ಅದು ಯಾರ ಬಾಯಿಗೂ ಹೋಗ್ಬಾರದು. ಆಮೇಲೆ ಮಜ್ಜಿಗೆ ಗಟ್ಟಿಯಾಗೇ ಕಡೀಬೇಕು, ಐಸ್ ಕರಗಿ ತೆಳ್ಳಗಾಗುತ್ತಲ್ಲ."

ಯಾರ ಬಾಯಿಗೂ ಹೋಗಬಾರದು ಎಂದು ಹೇಳಿದ್ದು ಅವನೇ. ಇದು ನೆನಪಿರಲಿ.

ಹೋಟೆಲಿನಲ್ಲಾಗಿದ್ದರೆ ಅವನು ಕೆಲಸದವರನ್ನೂ ಲೆಕ್ಕಕ್ಕೆ ಸೇರಿಸುತ್ತಿದ್ದ. ಇಲ್ಲೂ ಬಾಯಿ ತೆರೆದಿದ್ದ. "ತಮಟೆ ಜವರಪ್ಪನ ಗುಂಪು, ಚಪ್ಪರದೋರು..." ಎನ್ನುವಷ್ಟರಲ್ಲಿ ಅಪ್ಪಯ್ಯಣ್ಣ, "ಅವ್ರಿಗೆ ಕೊನೇಲಿ ಏನಿರುತ್ತೋ ಅದು. ನಿಮ್ ತಾತನ ಕಾಲದಿಂದ ಹಂಗೇ ಅಲ್ವೇನೋ" ಎಂದರು. ಹೌದು, ಹಂಗೇ. ನಮ್ಮ ಊರುಗಳಲ್ಲಿ ಮದುವೆಗೆ ಬರುವ ಜನ ಅಂದರೆ ಲಗ್ನಪತ್ರಿಕೆ ಪಡೆದ ಜನ. ಆ ಜನರನ್ನು ತಮಟೆ ಬಡಿದು ಕರೆತರುವವರು ಜನವಲ್ಲ, ಸದ್ದು. ಸದ್ದಿಗೆ ಬಾಯಾರುತ್ತದೆಯೇ? ವಸಂತ್ ತಲೆಯಾಡಿಸಿದ.

ಬಾಯಾರಿಕೆ ಏನೆಂದು ಅವನಿಗೆ ಗೊತ್ತಿರಲಿಲ್ಲ ಎಂದು ಯಾರೂ ವಕಾಲತ್ತು ಮಾಡಬೇಡಿ. ಹೋಟೆಲ್ ಸೇರಿದ ಹೊಸದರಲ್ಲಿ ಅವನೂ ಹುಲ್ಲುಹಾಸಿನ ಮೇಲೆ ಬಿಸಿಲಲ್ಲಿ ತಟ್ಟೆ ಹೊತ್ತು ನಿಂತವನು. ಒಂದು ಸಲ ತಡೆಯಲಾರದೆ, ಯಾರೋ ಬಿಟ್ಟ ಅರ್ಧ ಲೋಟ ಜ್ಯೂಸನ್ನು ಪರದೆಯ ಹಿಂದೆ ಕುಡಿದು ಮೇಲಿನವನ ಕೈಗೆ ಸಿಕ್ಕಿ, ಎಲ್ಲರೆದುರು ಇಂಗ್ಲಿಷಿನಲ್ಲಿ ಉಗಿಸಿಕೊಂಡಿದ್ದ. ಗೊತ್ತಿದ್ದವನೇ ಮರೆತದ್ದು.

ಮದುವೆಯ ದಿನ ದಿಬ್ಬಣ ತಡವಾಗಿ ಬಂತು. ಒಂದು ಬಸ್ಸು ಎಂದಿದ್ದವರು ಎರಡರಲ್ಲಿ ಬಂದರು. ರಸ್ತೆಯ ತಿರುವಿನಿಂದ ಚಪ್ಪರದವರೆಗೆ ಜವರಪ್ಪನ ಗುಂಪು ತಮಟೆ ಬಡಿಯಿತು. ಬೀಗರ ಹುಡುಗರು ಕುಣಿಯುತ್ತ ನಿಂತಲ್ಲೇ ನಿಂತರು, "ಇನ್ನೊಂದು ಸ್ಟೆಪ್ಪು ತಾತ, ನಿಲ್ಲಿಸ್ಬೇಡ!" ಎಂದರು. ಜವರಪ್ಪನಿಗೆ ಅರವತ್ತು ದಾಟಿತ್ತು. ನಿಲ್ಲಿಸಲಿಲ್ಲ. ಅವನ ಅಂಗಿ ಒದ್ದೆಯಾಗಿ, ಮೈಮೇಲೆಯೇ ಒಣಗಿ, ಉಪ್ಪಿನ ಗೆರೆ ಎದ್ದಿತ್ತು.

ಚಪ್ಪರದ ಬಾಗಿಲಲ್ಲಿ ಬೀಗರಿಗೆ ಪಾನಕ, ಶರಬತ್ತು ಹೋಯಿತು. ಬೈಲಪ್ಪ ಒಂದು ಲೋಟ ಕುಡಿದ, ಎರಡನೆಯದು ಕುಡಿದ, ಮೂರನೆಯದು ಕೇಳಿದ. ಕೇಳುತ್ತ ವಸಂತ್‌ನ ಮುಖ ನೋಡಿ ನಕ್ಕ. ಪರೀಕ್ಷೆ ಮಾಡುತ್ತಿದ್ದಾನೆ ಎಂದು ವಸಂತ್‌ನಿಗೆ ಅನಿಸಿತು. ಎರಡನೇ ಬಸ್ಸಿನ ಜನ ಲೆಕ್ಕದಲ್ಲಿರಲಿಲ್ಲ. ಕ್ಯೂಬಿನ ಐಸು ಆಗಲೇ ಅರ್ಧಕ್ಕಿಳಿದಿತ್ತು. ಮಜ್ಜಿಗೆಯ ಎರಡು ಡ್ರಮ್ಮುಗಳನ್ನು ಅವನು ಮುಚ್ಚಿಸಿಬಿಟ್ಟ. "ಧಾರೆ ಆದ್ಮೇಲೆ ಬೀಗರಿಗೆ. ಯಾರೂ ಮುಟ್ಬೇಡಿ."

ಆಗ ಜವರಪ್ಪ ಚಪ್ಪರದ ಹಿಂಬದಿಗೆ ಬಂದ. ತಮಟೆಯನ್ನು ಕೆಳಗಿಟ್ಟ.

"ವಸಂತಪ್ಪ, ಗಂಟ್ಲು ಒಣಗೋಯ್ತು ಕಣಪ್ಪ. ಒಂಚೂರು ಏನಾರ ತಣ್ಣಗಿರೋದು ಕೊಡು."

ವಸಂತ್ ಮುಚ್ಚಿದ ಡ್ರಮ್ಮುಗಳನ್ನು ನೋಡಿದ. ಬೈಲಪ್ಪನ ನಗು ಕಣ್ಣ ಮುಂದೆ ಬಂತು. ಪಕ್ಕದಲ್ಲಿ ಮಕ್ಕಳ ಬಾಟಲಿ ಮುಳುಗಿಸಿಟ್ಟ ನೀಲಿ ಟಬ್ಬಿತ್ತು. ಗಡ್ಡೆ ಐಸು ಕರಗಿದ ನೀರು, ಮೇಲೆ ಮರದ ಹೊಟ್ಟು ತೇಲುತ್ತಿತ್ತು. ಅವನು ಚೊಂಬು ಎತ್ತಿಕೊಂಡು ಆ ಟಬ್ಬಿನಲ್ಲಿ ಅದ್ದಿದ.

ಪೇಪರ್ ಲೋಟಗಳ ಕಟ್ಟು ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಒಂದನ್ನು ಎಳೆದು ಕೊಡಲು ಎಷ್ಟು ಹೊತ್ತು ಬೇಕಿತ್ತು? ಆದರೆ ಜವರಪ್ಪ ಆಗಲೇ ಬಗ್ಗಿ ಬೊಗಸೆ ಹಿಡಿದಿದ್ದ. ಯಾರೂ ಹೇಳಿರಲಿಲ್ಲ. ಹೇಳದೆಯೇ ಬೆನ್ನು ಬಗ್ಗುವಂತೆ ಮಾಡಿಟ್ಟಿದ್ದೇವಲ್ಲ, ಅದು ನಮ್ಮ ಊರಿನ ದೊಡ್ಡ ಸಾಧನೆ. ವಸಂತ್ ಮೇಲಿನಿಂದ ಸುರಿದ. ಜವರಪ್ಪ ಕುಡಿದ, ಇನ್ನಷ್ಟು ಎಂದು ಬೊಗಸೆ ಮೇಲೆತ್ತಿದ. ವಸಂತ್ ಮತ್ತೆ ಅದ್ದಿ ಸುರಿದ.

"ಐಸ್ ನೀರು! ಸಿಂಚನವ್ವನ ಸಂಸಾರ ತಣ್ಣಗಿರ್ಲಿ" ಎಂದು ಜವರಪ್ಪ ಬಾಯಿ ಒರೆಸಿಕೊಂಡ. ಅವನ ಮೀಸೆಯಲ್ಲಿ ಒಂದು ಚೂರು ಹೊಟ್ಟು ಅಂಟಿತ್ತು. ವಸಂತ್ ಅದನ್ನು ಕಂಡ. ಚೊಂಬನ್ನು ಕೆಳಗಿಟ್ಟ.

ಧಾರೆಯಾಯಿತು. ಬೀಗರು ಸೀದಾ ಊಟಕ್ಕೆ ಕುಳಿತರು. ಎಲೆಯ ಮುಂದೆ ಅವರಿಗೆ ಬೇಕಿದ್ದದ್ದು ನೀರು, ಪಾಯಸ. ಮಜ್ಜಿಗೆ ಕೇಳಿದವರು ಕೆಲವರು. ಹೋಗುವಾಗ ಬೈಲಪ್ಪ ಅಪ್ಪಯ್ಯಣ್ಣನವರ ಕೈ ಹಿಡಿದು, "ಏನೇ ಅನ್ನಿ, ಕುಡಿಯೋಕೆ ಮಾತ್ರ ಜೋರು ವ್ಯವಸ್ಥೆ. ಹುಡುಗ ಪಕ್ಕಾ!" ಎಂದ. ಅಪ್ಪಯ್ಯಣ್ಣನವರ ಎದೆ ಉಬ್ಬಿತು. ಅತ್ತ ಹಿಂಬದಿಯಲ್ಲಿ ಒಂದು ಡ್ರಮ್ಮು ಮಜ್ಜಿಗೆ ಮುಚ್ಚಳವನ್ನೇ ತೆಗೆಯದೆ ಬಿಸಿಲಿಗೆ ಹುಳಿಯಾಗಿತ್ತು. ಅದನ್ನು ತೆಂಗಿನ ಬುಡಕ್ಕೆ ಸುರಿದರು. ತೆಂಗಿನ ಮರವೂ ನಮ್ಮ ಲೆಕ್ಕದಲ್ಲಿತ್ತು ನೋಡಿ.

ಕಾರು ಹತ್ತುವಾಗ ಸಿಂಚನ ಅಣ್ಣನನ್ನು ತಬ್ಬಿಕೊಂಡು ಅವನಿಗಷ್ಟೇ ಕೇಳುವಂತೆ ಹೇಳಿದಳು: "ಅಣ್ಣ, ರೂಮಿನ ಕಿಟಕೀಲಿ ನೋಡ್ದೆ. ಆ ತಾತಂಗೆ ಟಬ್ಬಿನ ನೀರು ಯಾಕೆ ಕೊಟ್ಟೆ? ಮೀನಿನ ಐಸು ಅಂತ ನೀನೇ ಹೇಳಿದ್ದಲ್ವಾ?"

ವಸಂತ್ ಬಿಕ್ಕಿ ಬಿಕ್ಕಿ ಅತ್ತ. ತಂಗಿಯನ್ನು ಕಳಿಸುವಾಗ ಇಷ್ಟು ಅಳುವ ಅಣ್ಣನನ್ನು ನೋಡೇ ಇಲ್ಲ ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಅದಕ್ಕೂ ಅವನಿಗೆ ಹೊಗಳಿಕೆಯೇ ಸಿಕ್ಕಿತು.

ಆ ವಾರವೇ ಅವನು ಊರಾಚೆಯ ಕಾಲೋನಿಗೆ, ಜವರಪ್ಪನ ಮನೆಗೆ ನಡೆದು ಹೋದ. ಹುಟ್ಟಿದ ಊರಿನಲ್ಲಿ ಆ ಮನೆಯ ಬಾಗಿಲಿಗೆ ಅವನು ಹೋದದ್ದು ಅದೇ ಮೊದಲು. ಜವರಪ್ಪ ಜಗುಲಿಯ ಮೇಲೆ ಮಲಗಿದ್ದವನು ಗಡಬಡಿಸಿ ಎದ್ದ.

"ಯಾಕಪ್ಪ ಬಂದೆ? ಹೇಳ್ಕಳ್ಸಿದ್ರೆ ನಾನೇ ಬರ್ತಿರ್ಲಿಲ್ವಾ?"

"ಹುಷಾರಿಲ್ವಾ ಜವರಪ್ಪಣ್ಣ?"

ಅಣ್ಣ ಎಂದು ಅವನನ್ನು ಕರೆದದ್ದೂ ಅದೇ ಮೊದಲು. ಜವರಪ್ಪನ ಹೆಂಡತಿ ಮುನಿಗಂಗಮ್ಮ ಬಾಗಿಲಲ್ಲಿ ನಿಂತು, "ಮದ್ವೆ ದಿನದಿಂದ ಹೊಟ್ಟೆ ಕೆಟ್ಟಿತ್ತಪ್ಪ, ವಾಂತಿ ಬೇರೆ. ಈಗ ಪರ್ವಾಗಿಲ್ಲ, ಗಂಜಿ ಕುಡಿತಾವ್ನೆ" ಎಂದಳು.

ವಸಂತ್ ಹೇಳಲು ಬಂದದ್ದನ್ನು ಹೇಳಿದ. ಟಬ್ಬು, ಗಡ್ಡೆ ಐಸು, ಮುಚ್ಚಿಟ್ಟ ಡ್ರಮ್ಮು, ಎಲ್ಲವನ್ನೂ. ಹೇಳುವಷ್ಟೂ ಹೊತ್ತು ನೆಲ ನೋಡುತ್ತಿದ್ದ. ಜವರಪ್ಪ ಮೀಸೆ ಸವರಿಕೊಂಡ.

"ನಂಗೊತ್ತಿತ್ತು ಬಿಡಪ್ಪ."

"ಏನು?"

"ಬಾಯಿಗೆ ಹೊಟ್ಟು ಸಿಕ್ತು, ಗೋಣಿ ವಾಸ್ನೆ ಬಂತು. ಗೊತ್ತಾಗಲ್ವಾ? ಉಗಿದ್ರೆ ಮದ್ವೆ ಮನೇಲಿ ನಿಮ್ಮಪ್ಪಂಗೆ ಅವಮಾನ. ಬಾಯೂ ಆರಿತ್ತು. ಕುಡ್ದೆ." ಆಮೇಲೆ ಸಣ್ಣಗೆ ನಕ್ಕ. "ತಣ್ಣಗಂತೂ ಇತ್ತು."

ಅವನು ಬೈದಿದ್ದರೆ ವಸಂತ್‌ನಿಗೆ ಒಂದು ದಾರಿ ಸಿಗುತ್ತಿತ್ತು. ಬೈಯಲಿಲ್ಲ. ಹೊರಡಲೂ ಆಗದೆ, ಕೂರಲೂ ಆಗದೆ, ವಸಂತ್‌ನ ಗಂಟಲು ಒಣಗಿತು. ಬಿಸಿಲು ಸುಡುತ್ತಿತ್ತು. ಬಾಗಿಲ ಮೂಲೆಯಲ್ಲಿ ಮಣ್ಣಿನ ಹೂಜಿ ಇತ್ತು, ಅದರ ಮೇಲೆ ತೊಳೆದ ಸ್ಟೀಲ್ ಲೋಟ ಬೋರಲಾಗಿತ್ತು.

"ಮುನಿಗಂಗಮ್ಮ, ಕುಡಿಯೋಕೆ ನೀರು ಕೊಡ್ತೀಯಾ?"

ಅವಳು ಗಂಡನ ಮುಖ ನೋಡಿದಳು. ಗಂಡ ಬೀದಿಯ ಕಡೆ ನೋಡಿದ. ಅವಳು ಸೆರಗಿನ ಗಂಟು ಬಿಚ್ಚುತ್ತ ಜಗುಲಿಯಿಂದ ಇಳಿದು ಅವಸರದಲ್ಲಿ ಹೊರಟಳು. ಎಲ್ಲಿಗೆಂದು ವಸಂತ್‌ನಿಗೆ ಹೊಳೆಯಲಿಲ್ಲ. ಏದುಸಿರು ಬಿಡುತ್ತ ತಿರುಗಿ ಬಂದವಳ ಕೈಯಲ್ಲಿ ಅಂಗಡಿಯ ನೀರಿನ ಬಾಟಲಿ ಇತ್ತು. ಫ್ರಿಜ್ಜಿನಿಂದ ತೆಗೆದದ್ದು, ಮೇಲೆಲ್ಲ ಹನಿ. ಮುಚ್ಚಳದ ಸೀಲು ಹರಿಯದಿರುವುದು ಕಾಣುವಂತೆ ಅದನ್ನು ಅವನ ಮುಂದೆ ಹಿಡಿದಳು.

"ಸೀಲು ಒಡೆದಿಲ್ಲಪ್ಪ, ನೋಡ್ಕೊ. ನಾವು ಮುಟ್ಟಿಲ್ಲ."

"ಬ್ಯಾಡ, ಹೂಜಿ ನೀರೇ ಕೊಡು" ಎಂದು ವಸಂತ್ ಎಷ್ಟು ಕೇಳಿದರೂ ಅವಳು ಕೊಡಲಿಲ್ಲ. "ನಿಮ್ಮಪ್ಪಂಗೆ ಗೊತ್ತಾದ್ರೆ ನಮ್ಗೆ ಬೈತಾರೆ" ಎಂದಳು. ಕೊನೆಗೆ ಅವನು ಆ ಬಾಟಲಿಯ ಸೀಲನ್ನು ತಾನೇ ಒಡೆದು, ಅವರಿಬ್ಬರೂ ನೋಡುತ್ತಿದ್ದಂತೆ, ನಿಂತೇ ಕುಡಿದ.